ನಿಮ್ಮ ಕೆಲಸ, ಅವರ ಹೆಸರು: ಗುಂಪು ಮೇಲ್‌ಗೆ ಉತ್ತರ ಕೊಡೋದಾ, ನೇರ ಮಾತಾಡೋದಾ, ಮ್ಯಾನೇಜರ್‌ಗೆ ಹೇಳೋದಾ, ಬಿಟ್ಟುಬಿಡೋದಾ?

ಒಂದು ಉದಾಹರಣೆ ಇಟ್ಟುಕೊಂಡು ಶುರು ಮಾಡೋಣ. ಗ್ರಾಹಕರಿಗೆ ರಿಫಂಡ್ ತಡವಾಗಿ ಹೋಗುತ್ತಿದೆ. ಯಾಕೆ ಅಂತ ನೋಡಲು ನೀವು ಮೂರು ತಿಂಗಳ ದೂರುಗಳನ್ನೆಲ್ಲ ಒಂದು ಶೀಟ್‌ಗೆ ಹಾಕಿದಿರಿ. ಒಟ್ಟು 640 ದೂರು. ಒಬ್ಬರೇ ಎರಡೆರಡು ಸಲ ಕಳಿಸಿದ್ದನ್ನು ತೆಗೆದ ಮೇಲೆ 512 ಉಳಿದವು. ಅದರಲ್ಲಿ 210, ಅಂದರೆ ಶೇ. 41ರಷ್ಟು, ಒಂದೇ ಕಡೆ ಸಿಕ್ಕಿಕೊಂಡಿದ್ದವು: ಬ್ಯಾಂಕ್ ಖಾತೆ ಸಂಖ್ಯೆ ಪರಿಶೀಲಿಸುವ ಹಂತದಲ್ಲಿ. ಆ ಹಂತವನ್ನು ಮೊದಲಿಗೆ ತಂದರೆ ತಡ ಕಡಿಮೆಯಾಗುತ್ತದೆ ಅಂತ ನೀವು ಬರೆದಿಟ್ಟಿರಿ. ಶೀಟನ್ನು ನಿಮ್ಮ ಸಹೋದ್ಯೋಗಿಗೆ ಕೊಟ್ಟಿರಿ. ಅವರು ಅದರಿಂದ ಎರಡು ಸ್ಲೈಡ್ ಮಾಡಿ 14 ಜನರಿಗೆ ಮೇಲ್ ಕಳಿಸಿದರು: "ರಿಫಂಡ್ ತಡದ ಬಗ್ಗೆ ನಾನು ಮಾಡಿದ ವಿಶ್ಲೇಷಣೆ ಇದರ ಜೊತೆಗಿದೆ." ಹತ್ತು ನಿಮಿಷದಲ್ಲಿ ಮ್ಯಾನೇಜರ್ ಉತ್ತರ ಬಂತು: "ತುಂಬಾ ಚೆನ್ನಾಗಿದೆ, ಒಳ್ಳೆ ಕೆಲಸ."

ಈಗ ನಿಮ್ಮ ಮುಂದೆ ನಾಲ್ಕು ದಾರಿ ಇವೆ. ಸಹೋದ್ಯೋಗಿ ಜೊತೆ ನೇರವಾಗಿ ಮಾತಾಡಿ ಅವರಿಂದಲೇ ಸರಿ ಮಾಡಿಸುವುದು. ಅದೇ ಮೇಲ್‌ಗೆ ಎಲ್ಲರಿಗೂ ಕಾಣುವಂತೆ ಉತ್ತರಿಸುವುದು. ಮ್ಯಾನೇಜರ್‌ಗೆ ಹೇಳುವುದು. ಈ ಸಲಕ್ಕೆ ಬಿಡುವುದು. ನಾಲ್ಕೂ ಸರಿಯಾದ ದಾರಿಗಳೇ, ಆದರೆ ಒಂದೊಂದು ಒಂದೊಂದು ಸಂದರ್ಭಕ್ಕೆ. ತಪ್ಪು ಸಂದರ್ಭದಲ್ಲಿ ಹಿಡಿದಾಗಲೇ ಸಣ್ಣತನದ ಹಾಗೆ ಕಾಣುವುದು.

ಮೊದಲು ಆ ಮೇಲನ್ನು ಇನ್ನೊಂದು ಸಲ ಓದಿ

ಸಿಟ್ಟು ಬಂದಾಗ ಓದಿದ್ದಕ್ಕೂ ಆಮೇಲೆ ಓದಿದ್ದಕ್ಕೂ ವ್ಯತ್ಯಾಸ ಇರುತ್ತದೆ. ನೋಡಬೇಕಾದ್ದು ಒಂದೇ: ವಾಕ್ಯದ ಕರ್ತೃ ಯಾರು? "ನಾನು ಮಾಡಿದ ವಿಶ್ಲೇಷಣೆ" ಅಂತಿದ್ದರೆ ಅದು ನೇರವಾಗಿ ತಪ್ಪು. "ನಾವು ಮಾಡಿದ" ಅಂತಿದ್ದರೆ ಅರ್ಧ ಸತ್ಯ. "ವಿಶ್ಲೇಷಣೆ ಇದರ ಜೊತೆಗಿದೆ" ಅಂತ ಯಾರ ಹೆಸರೂ ಇಲ್ಲದಿದ್ದರೆ, ಸಹೋದ್ಯೋಗಿ ಏನನ್ನೂ ತಮ್ಮದು ಅಂತ ಹೇಳಿಕೊಂಡಿಲ್ಲ. ಕಳಿಸಿದವರೇ ಮಾಡಿದವರು ಅಂತ ಮ್ಯಾನೇಜರ್ ಅಂದುಕೊಂಡಿದ್ದಾರೆ, ಅಷ್ಟೆ.

ಈ ಮೂರನೆಯದು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ನಡೆಯುತ್ತದೆ. ಆಗ ಕಾದು ನೋಡಬೇಕಾದ್ದು ಮ್ಯಾನೇಜರ್ ಹೊಗಳಿದ ಮೇಲೆ ಸಹೋದ್ಯೋಗಿ ಏನು ಮಾಡಿದರು ಅನ್ನುವುದನ್ನು. "ಇದು ನನ್ನದಲ್ಲ, ಅವರು ಮಾಡಿದ್ದು" ಅಂತ ಹೇಳುವ ಅವಕಾಶ ಅವರ ಕೈಗೆ ಬಂದಿತ್ತು. "ಥ್ಯಾಂಕ್ಸ್ ಸರ್" ಅಂತ ಮಾತ್ರ ಬರೆದು ಸುಮ್ಮನಾದರೆ, ಆಗ ಅದು ನಿಜವಾಗಿ ಕ್ರೆಡಿಟ್ ತೆಗೆದುಕೊಂಡ ಹಾಗೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. 1979ರಲ್ಲಿ ಮೈಕಲ್ ರಾಸ್ ಮತ್ತು ಫಿಯೋರ್ ಸಿಕೋಲಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಗಂಡ ಹೆಂಡತಿ ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ಮನೆಯ ಕೆಲಸಗಳಲ್ಲಿ ನಿಮ್ಮ ಪಾಲೆಷ್ಟು ಅಂತ ಕೇಳಿದರು. ಇಬ್ಬರ ಉತ್ತರ ಕೂಡಿಸಿದರೆ ಹೆಚ್ಚಿನ ಜೋಡಿಗಳಲ್ಲಿ ಶೇ. 100 ದಾಟುತ್ತಿತ್ತು. ಇದಕ್ಕೆ ಸುಳ್ಳೇ ಕಾರಣ ಆಗಬೇಕಿಲ್ಲ. ತಾವು ಮಾಡಿದ್ದು ಮನಸ್ಸಿಗೆ ಬೇಗ ಬರುತ್ತದೆ, ಬೇರೆಯವರು ಮಾಡಿದ್ದು ಅಷ್ಟು ಬೇಗ ಬರುವುದಿಲ್ಲ. ನಿಮ್ಮ ಸಹೋದ್ಯೋಗಿಗೆ ತಾವು ರಾತ್ರಿ ಕೂತು ಮಾಡಿದ ಸ್ಲೈಡ್‌ಗಳು ನೆನಪಿವೆ. ನೀವು 640 ಸಾಲು ಓದಿದ್ದು ಅವರು ನೋಡಿಯೇ ಇಲ್ಲ. ಹಾಗಂತ ಅವರು ಮಾಡಿದ್ದು ಸರಿಯಾಗುವುದಿಲ್ಲ. ಆದರೆ ಮೊದಲ ಮಾತಿನಲ್ಲೇ "ಕದ್ದಿರಿ" ಅನ್ನುವ ಧ್ವನಿ ಬಂದರೆ, ನಿಜವಾಗಿ ಗೊತ್ತಿಲ್ಲದೆ ಮಾಡಿದವರು ಕೂಡ ಎದುರು ನಿಲ್ಲುತ್ತಾರೆ. ಅದೇ ಕಾರಣಕ್ಕೆ ನಿಮ್ಮ ಪಾಲನ್ನೂ ನೀವೇ ಒಮ್ಮೆ ಅಳೆದು ನೋಡಿ. ನಮ್ಮ ಉದಾಹರಣೆಯಲ್ಲಿ ಲೆಕ್ಕ ಸ್ಪಷ್ಟ: ದೂರು ವಿಂಗಡಿಸಿದ್ದು, ಕಾರಣ ಹುಡುಕಿದ್ದು, ಪರಿಹಾರ ಸೂಚಿಸಿದ್ದು ನೀವು. ಸ್ಲೈಡ್ ಅವರದು. ಈ ಲೆಕ್ಕ ಎರಡು ಸಾಲಿನಲ್ಲಿ ಹೇಳಲು ಬರದಿದ್ದರೆ, ಇನ್ನೂ ಯಾರ ಹತ್ತಿರವೂ ಮಾತಾಡಬೇಡಿ.

ನೇರವಾಗಿ ಮಾತಾಡುವುದು

ಇದು ಮೊದಲ ಸಲ ಆಗಿದ್ದರೆ, ಅವರು ನಿಮ್ಮ ಸಮಾನ ಹುದ್ದೆಯವರಾಗಿದ್ದರೆ, ಇದೇ ನನ್ನ ಮೊದಲ ಆಯ್ಕೆ. ಕಾರಣ ಸರಳ. ತಪ್ಪನ್ನು ತಪ್ಪು ಮಾಡಿದವರೇ ಸರಿ ಮಾಡಿದಾಗ, ಓದುವ 14 ಜನರಿಗೆ ಅಲ್ಲಿ ಜಗಳ ಕಾಣುವುದಿಲ್ಲ. ನಿಮ್ಮ ಹೆಸರು ಬೇರೆಯವರ ಬಾಯಲ್ಲಿ ಬರುತ್ತದೆ. ನೀವೇ ಹೇಳಿಕೊಂಡದ್ದಕ್ಕಿಂತ ಅದಕ್ಕೆ ತೂಕ ಜಾಸ್ತಿ.

ಆದರೆ ಬಹಳ ಜನ ಇದನ್ನು ಅರ್ಧಕ್ಕೇ ಬಿಡುತ್ತಾರೆ. "ನನಗೆ ಸ್ವಲ್ಪ ಬೇಜಾರಾಯ್ತು" ಅಂತ ಹೇಳುತ್ತಾರೆ. ಎದುರಿನವರು "ಅಯ್ಯೋ ಸಾರಿ, ಆ ತರ ಏನೂ ಇರ್ಲಿಲ್ಲ" ಅನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಮೇಲ್ ಹಾಗೇ ಇರುತ್ತದೆ. ನೀವು ಕ್ಷಮೆ ಕೇಳಿಸಿಕೊಳ್ಳಲು ಹೋದವರಲ್ಲ. ಒಂದು ಕೆಲಸ ಆಗಬೇಕಿತ್ತು, ಅದನ್ನು ಬಾಯಿಬಿಟ್ಟು ಕೇಳಬೇಕು. ಹೀಗೆ:

"ರಿಫಂಡ್ ಮೇಲ್ ನೋಡಿದೆ. ಸ್ಲೈಡ್ ಚೆನ್ನಾಗಿ ಬಂದಿದೆ. ಒಂದು ವಿಷಯ ಇತ್ತು. ಅದರಲ್ಲಿ ವಿಶ್ಲೇಷಣೆ ನೀವು ಮಾಡಿದ್ದು ಅಂತ ಇದೆ. ದೂರು ವಿಂಗಡಿಸಿ ಆ 210 ಕಂಡುಹಿಡಿದಿದ್ದು ನಾನು ಅಲ್ವಾ. ಇವತ್ತು ಸಂಜೆಯೊಳಗೆ ಅದೇ ಮೇಲ್‌ಗೆ ಒಂದು ಸಾಲು ಸೇರಿಸ್ತೀರಾ?"

ಇಲ್ಲಿ ಮೂರು ಸಂಗತಿ ಗಮನಿಸಿ. ಅವರ ಉದ್ದೇಶದ ಬಗ್ಗೆ ಒಂದು ಶಬ್ದವೂ ಇಲ್ಲ. ತಪ್ಪು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದೆ. ಏನು, ಯಾವಾಗ, ಎಲ್ಲಿ ಮಾಡಬೇಕು ಅಂತ ಹೇಳಿದೆ. "ಅದೇ ಮೇಲ್‌ಗೆ" ಅನ್ನುವುದು ಮುಖ್ಯ. ತಪ್ಪು 14 ಜನರ ಮುಂದೆ ಆಗಿ, ತಿದ್ದುಪಡಿ ನಿಮ್ಮ ಕಿವಿಯಲ್ಲಿ ಮಾತ್ರ ಆದರೆ ಏನೂ ಬದಲಾಗಲಿಲ್ಲ.

ಸಾಧ್ಯವಾದರೆ ಆ ಸಾಲನ್ನೂ ನೀವೇ ಕೊಡಿ: "ಹಿಂದಿನ ಮೇಲ್‌ನಲ್ಲಿ ಹೇಳಲು ಬಿಟ್ಟುಹೋಯಿತು. ದೂರುಗಳ ವಿಶ್ಲೇಷಣೆ ಮತ್ತು ಸಲಹೆ ಇವರದು. ನಾನು ಸ್ಲೈಡ್ ಮಾಡಿದ್ದೇನೆ. ಅಂಕಿಗಳ ಬಗ್ಗೆ ಪ್ರಶ್ನೆ ಇದ್ದರೆ ಇವರನ್ನು ಕೇಳಿ." ಇದನ್ನು ಕಳಿಸುವುದರಿಂದ ಅವರ ಮಾನ ಹೋಗುವುದಿಲ್ಲ. ಮರೆತಿದ್ದನ್ನು ನೆನಪಿಸಿಕೊಂಡ ದೊಡ್ಡ ಮನಸ್ಸಿನವರ ಹಾಗೆಯೇ ಕಾಣುತ್ತಾರೆ. ಹಾಗೆ ಕಾಣಲು ಬಿಡಿ. ಅಷ್ಟು ಜಾಗ ಕೊಟ್ಟರೆ ಕೆಲಸ ಬೇಗ ಆಗುತ್ತದೆ.

ಎದುರಿನಿಂದ ಬರುವ ಉತ್ತರಗಳಲ್ಲಿ ಹೆಚ್ಚು ಕಾಡುವುದು ಎರಡು. ಮೊದಲನೆಯದು, "ಸ್ಲೈಡ್ ನಾನೇ ಮಾಡಿದ್ದು ಅಲ್ವಾ?" ಇದು ನಿಜ, ಅದನ್ನು ಒಪ್ಪಿಕೊಳ್ಳಿ. "ಹೌದು, ಅದನ್ನೂ ಆ ಸಾಲಲ್ಲಿ ಹಾಕೋಣ" ಅನ್ನಿ. ವಾದ ಅಲ್ಲಿಗೆ ಸಡಿಲವಾಗುತ್ತದೆ. ಎರಡನೆಯದು, "ಇದೆಲ್ಲ ಟೀಮ್ ವರ್ಕ್, ನಿಂದು ನಂದು ಅಂತ ಯಾಕೆ?" ಈ ಮಾತಿಗೆ ನೈತಿಕ ಚರ್ಚೆ ಶುರು ಮಾಡಬೇಡಿ. "ನಾಳೆ ಯಾರಾದರೂ 640 ಹೇಗೆ 512 ಆಯ್ತು ಅಂತ ಕೇಳಿದರೆ ನನ್ನ ಹತ್ತಿರ ಬರಬೇಕಲ್ವಾ, ಅದಕ್ಕೆ" ಅಂದರೆ ಸಾಕು. ಯಾರು ಮಾಡಿದರು ಅನ್ನುವುದು ಕೆಲಸಕ್ಕೆ ಬೇಕಾದ ಮಾಹಿತಿ ಕೂಡ. ಈ ಕಾರಣ ಕುಂಟು ನೆಪ ಅಲ್ಲ, ನಿಜವೇ.

ಚಾಟ್‌ನಲ್ಲಿ ಕೇಳುವುದಕ್ಕಿಂತ ಫೋನಲ್ಲಿ ಅಥವಾ ಎದುರಿಗೆ ಕೇಳುವುದು ಒಳ್ಳೆಯದು. ಬರಹದಲ್ಲಿ ಧ್ವನಿ ಕಾಣುವುದಿಲ್ಲ, ಓದುವವರು ತಮಗೆ ತೋಚಿದ ಧ್ವನಿ ಹಚ್ಚಿಕೊಳ್ಳುತ್ತಾರೆ. ಮಾತು ಮುಗಿದ ಮೇಲೆ ಆ ಒಂದು ಸಾಲನ್ನು ಚಾಟ್‌ನಲ್ಲಿ ಕಳಿಸಿ. ಅವರಿಗೆ ನಕಲು ಮಾಡಲು ಸುಲಭ. ನೀವು ಯಾವತ್ತು ಕೇಳಿದಿರಿ ಅನ್ನುವುದೂ ಉಳಿಯುತ್ತದೆ.

ಈ ದಾರಿಯ ದೊಡ್ಡ ತೊಂದರೆ ಸಮಯ. "ಹೌದು ಹೌದು, ಕಳಿಸ್ತೀನಿ" ಅಂತ ಹೇಳಿ ಎರಡು ದಿನ ಎಳೆದರೆ ಮೇಲ್ ಆರಿ ತಣ್ಣಗಾಗುತ್ತದೆ. ಒಂದು ವಾರದ ಮೇಲೆ ತಿದ್ದುಪಡಿ ಬಂದರೆ ಅದೇ ವಿಚಿತ್ರವಾಗಿ ಕಾಣುತ್ತದೆ. ಹಾಗಾಗಿ ಮಾರನೇ ದಿನ ಮಧ್ಯಾಹ್ನದವರೆಗೆ ಕಾಯಿರಿ. ಬರದಿದ್ದರೆ ಮುಂದಿನ ದಾರಿಗೆ ಹೋಗಿ, ಮತ್ತೆ ನೆನಪಿಸಬೇಡಿ.

ಎಲ್ಲರಿಗೂ ಉತ್ತರಿಸುವುದು

ಸಣ್ಣತನ ಕಾಣುವ ಅಪಾಯ ಇಲ್ಲೇ ಹೆಚ್ಚು. ಸರಿಯಾಗಿ ಮಾಡಿದರೆ ಫಲವೂ ಇಲ್ಲೇ ಹೆಚ್ಚು. ಗೆರೆ ಎಲ್ಲಿದೆ ಅಂತ ನೋಡೋಣ.

ಈ ಉತ್ತರ ನೋಡಿ: "ಒಂದು ಸಣ್ಣ ಸ್ಪಷ್ಟನೆ. ಈ ವಿಶ್ಲೇಷಣೆ ಮಾಡಿದ್ದು ನಾನು. ದಾಖಲೆಗಾಗಿ ಮೂಲ ಶೀಟ್ ಇಲ್ಲಿದೆ." ಸತ್ಯವೇ. ಆದರೆ ಓದಿದ 14 ಜನರಿಗೆ ರಿಫಂಡ್ ಬಗ್ಗೆ ಹೊಸದೇನೂ ತಿಳಿಯಲಿಲ್ಲ. ತಿಳಿದಿದ್ದು ಒಂದೇ, ಇವರಿಬ್ಬರಿಗೂ ಆಗುವುದಿಲ್ಲ ಅಂತ.

ಈಗ ಇದನ್ನು ನೋಡಿ:

"ಎಲ್ಲರಿಗೂ ನಮಸ್ಕಾರ. ಈ ಅಂಕಿಗಳನ್ನು ತೆಗೆಯುವಾಗ ನಾನು ಮಾಡಿದ ಒಂದೆರಡು ಆಯ್ಕೆ ನಿಮಗೆ ಗೊತ್ತಿರಲಿ. ಒಟ್ಟು 640 ದೂರು ಇದ್ದವು. ಒಬ್ಬರೇ ಎರಡು ಸಲ ಕಳಿಸಿದ್ದನ್ನು ತೆಗೆದು 512 ಇಟ್ಟುಕೊಂಡೆ. ಶೇ. 41 ಅನ್ನುವುದು ಈ 512ರ ಲೆಕ್ಕ. ಖಾತೆ ಪರಿಶೀಲನೆಯನ್ನು ಮೊದಲಿಗೆ ತರುವ ಸಲಹೆ ಕೊಡುವಾಗ ಹಬ್ಬದ ರಜೆಯ ವಾರವನ್ನು ನಾನು ಸೇರಿಸಿಲ್ಲ, ಆ ವಾರ ಎಲ್ಲವೂ ತಡವಾಗಿತ್ತು. ಪೂರ್ತಿ ಶೀಟ್ ಜೊತೆಗಿಟ್ಟಿದ್ದೇನೆ. ಇದನ್ನು ಸ್ಲೈಡ್ ಮಾಡಿ ಎಲ್ಲರಿಗೂ ತಲುಪಿಸಿದ್ದಕ್ಕೆ ನಮ್ಮ ಸಹೋದ್ಯೋಗಿಗೆ ಧನ್ಯವಾದ. ಪ್ರಶ್ನೆ ಇದ್ದರೆ ನನ್ನನ್ನು ಕೇಳಿ."

ಇಲ್ಲಿ "ಇದು ನನ್ನದು" ಅನ್ನುವ ವಾಕ್ಯವೇ ಇಲ್ಲ. ಆದರೂ ಓದಿದವರಿಗೆ ಯಾರು ಮಾಡಿದ್ದು ಅಂತ ಸಂಶಯ ಉಳಿಯುವುದಿಲ್ಲ. ಮಾಡಿದವರಿಗೆ ಮಾತ್ರ ಗೊತ್ತಿರುವ ವಿವರ ಅದರಲ್ಲಿದೆ. ಜೊತೆಗೆ ಆ ವಿವರ ನಿರ್ಧಾರ ತೆಗೆದುಕೊಳ್ಳುವವರಿಗೆ ಉಪಯೋಗಕ್ಕೆ ಬರುತ್ತದೆ. ಕಳಿಸುವ ಮುಂಚೆ ನಾನು ಹಾಕುವ ಪರೀಕ್ಷೆ ಇದು: ಕ್ರೆಡಿಟ್ ವಿಷಯವೇ ಗೊತ್ತಿಲ್ಲದ ಒಬ್ಬರು ಈ ಮೇಲ್ ಓದಿದರೆ ಅವರಿಗೆ ಏನಾದರೂ ಸಿಗುತ್ತದಾ? ಸಿಗುವುದಿಲ್ಲ ಅಂದರೆ ಡ್ರಾಫ್ಟಲ್ಲೇ ಇರಲಿ.

ಧನ್ಯವಾದದ ಸಾಲಿನ ಬಗ್ಗೆ ಒಂದು ಎಚ್ಚರ. "ನನ್ನ ಕೆಲಸವನ್ನು ಎಲ್ಲರ ಜೊತೆ ಹಂಚಿಕೊಂಡಿದ್ದಕ್ಕೆ ಧನ್ಯವಾದ" ಅಂತ ಒಂದೇ ಸಾಲು ಬರೆಯಿರಿ ಅನ್ನುವ ಸಲಹೆ ತುಂಬ ಕಡೆ ಸಿಗುತ್ತದೆ. ನನಗೆ ಅದು ಇಷ್ಟವಿಲ್ಲ. ಅದರ ಒಳಗಿನ ಚುಚ್ಚು ಎಲ್ಲರಿಗೂ ಗೊತ್ತಾಗುತ್ತದೆ. ಅವರು ನಿಜವಾಗಿ ಏನು ಮಾಡಿದರೋ ಅದರ ಹೆಸರು ಹೇಳಿ ಧನ್ಯವಾದ ಹೇಳಿದರೆ ಮಾತ್ರ ಅದು ಧನ್ಯವಾದ. ಸ್ಲೈಡ್ ಮಾಡಿದ್ದಾರೆ, ಸ್ಲೈಡ್ ಅಂತಲೇ ಬರೆಯಿರಿ. ಏನೂ ಮಾಡಿಲ್ಲದಿದ್ದರೆ ಧನ್ಯವಾದದ ಸಾಲೇ ಬೇಡ.

ಈ ದಾರಿಗೆ ಅತಿ ಒಳ್ಳೆಯ ಸಮಯ ಯಾವುದು ಗೊತ್ತಾ? ಆ ಮೇಲ್‌ಗೆ ಯಾರಾದರೂ ಪ್ರಶ್ನೆ ಕೇಳಿದಾಗ. "ಈ ಶೇ. 41 ಎಲ್ಲಾ ಶಾಖೆಗಳದ್ದಾ?" ಅಂತ ಒಬ್ಬರು ಕೇಳಿದರು ಅಂದುಕೊಳ್ಳಿ. ಸಹೋದ್ಯೋಗಿಗೆ ಉತ್ತರ ಗೊತ್ತಿಲ್ಲ, ನಿಮಗೆ ಗೊತ್ತಿದೆ. ಉತ್ತರ ಕೊಡಿ, ಪೂರ್ತಿ ಕೊಡಿ. ಆಗ ನೀವು ನಡುವೆ ಬಂದ ಹಾಗೆ ಯಾರಿಗೂ ಅನಿಸುವುದಿಲ್ಲ. ಕೆಲವೊಮ್ಮೆ ಸಹೋದ್ಯೋಗಿ ಅದೇ ಪ್ರಶ್ನೆಯನ್ನು ನಿಮಗೆ ಚಾಟ್‌ನಲ್ಲಿ ಕಳಿಸಿ "ಇದಕ್ಕೇನು ಉತ್ತರ?" ಅಂತ ಕೇಳುತ್ತಾರೆ. ಆಗ "ನಾನೇ ಆ ಮೇಲ್‌ಗೆ ಉತ್ತರ ಹಾಕ್ತೀನಿ" ಅಂತ ಹೇಳಿ ನೇರ ಅಲ್ಲೇ ಬರೆಯಿರಿ. ಚಾಟ್‌ನಲ್ಲಿ ಉತ್ತರ ಕೊಟ್ಟರೆ ಅದೂ ಅವರ ಹೆಸರಲ್ಲೇ ಹೋಗುತ್ತದೆ.

ಮಾಡಬಾರದ್ದು ಕೆಲವು ಇವೆ. ಮೂಲ ಮೇಲ್‌ನಲ್ಲಿ ಇಲ್ಲದವರನ್ನು ಹೊಸದಾಗಿ ಸೇರಿಸಬೇಡಿ, ಅದರಲ್ಲೂ ಮ್ಯಾನೇಜರ್‌ಗಿಂತ ಮೇಲಿನವರನ್ನು. ಹಳೆಯ ಚಾಟ್‌ನ ಸ್ಕ್ರೀನ್‌ಶಾಟ್ ಹಾಕಬೇಡಿ. ಬಿಸಿಸಿ ಬಳಸಲೇಬೇಡಿ. ಗುಟ್ಟಾಗಿ ಸೇರಿಸಿದವರು ಮರೆತು ಎಲ್ಲರಿಗೂ ಉತ್ತರ ಒತ್ತಿದರೆ ನಿಮ್ಮ ಗುಟ್ಟು ಬಯಲಾಗುತ್ತದೆ. ಇನ್ನು ಆ ಮೇಲ್‌ನಲ್ಲಿ ಹೊರಗಿನ ಗ್ರಾಹಕರು ಇದ್ದರೆ ಈ ದಾರಿ ಮುಚ್ಚಿದೆ ಅಂತಲೇ ತಿಳಿಯಿರಿ. ಅವರ ಪ್ರಶ್ನೆಗೆ ಉತ್ತರ ಕೊಡಬಹುದು, ಯಾರು ಮಾಡಿದ್ದು ಅನ್ನುವ ಛಾಯೆ ಕೂಡ ಅಲ್ಲಿ ಬೇಡ.

ಮ್ಯಾನೇಜರ್‌ಗೆ ಹೇಳುವುದು

ಒಂದೇ ಸಲ ಆಗಿದ್ದಕ್ಕೆ ಮೊದಲ ಹೆಜ್ಜೆಯಾಗಿ ಇದನ್ನು ಹಿಡಿಯಬೇಡಿ. ಮ್ಯಾನೇಜರ್ ಕೇಳುವ ಮೊದಲ ಪ್ರಶ್ನೆಯೇ "ಅವರ ಜೊತೆ ಮಾತಾಡಿದ್ರಾ?" ಅಂತ. ಇಲ್ಲ ಅಂದರೆ ಮಾತು ಅಲ್ಲೇ ನಿಂತುಹೋಗುತ್ತದೆ.

ಮೂರು ಸಂದರ್ಭದಲ್ಲಿ ಮಾತ್ರ ಇದು ಸರಿ. ಇದೇ ವ್ಯಕ್ತಿ ಹಿಂದೆಯೂ ಹೀಗೆ ಮಾಡಿದ್ದಾರೆ ಅಂದಾಗ. ಅವರು ನಿಮಗಿಂತ ಹಿರಿಯರು, ನೇರವಾಗಿ ಕೇಳಿದರೆ ತೊಂದರೆ ಇದೆ ಅಂದಾಗ. ಅಥವಾ ಅಪ್ರೈಸಲ್ ಹತ್ತಿರ ಇದೆ, ಈ ಕೆಲಸ ಅದರಲ್ಲಿ ಲೆಕ್ಕಕ್ಕೆ ಬರುತ್ತದೆ ಅಂದಾಗ.

ಆಗಲೂ ಆ ಮೇಲನ್ನು "ನೋಡಿ" ಅಂತ ಫಾರ್ವರ್ಡ್ ಮಾಡಬೇಡಿ. ಅದು ಚಾಡಿಯ ಹಾಗೆ ಓದಿಸಿಕೊಳ್ಳುತ್ತದೆ. ಇಬ್ಬರೇ ಇರುವ ಮಾಮೂಲಿ ಮಾತುಕತೆಯಲ್ಲಿ ಕೆಲಸದ ಮೂಲಕ ವಿಷಯಕ್ಕೆ ಬನ್ನಿ: "ರಿಫಂಡ್ ವಿಶ್ಲೇಷಣೆ ನಿಮಗೆ ಇಷ್ಟ ಆಯ್ತು ಅಂತ ಗೊತ್ತಾಗಿ ಖುಷಿ ಆಯ್ತು. ದೂರು ವಿಂಗಡಣೆ, ಸಲಹೆ ನಾನು ಮಾಡಿದ್ದು. ಮೇಲ್‌ನಲ್ಲಿ ಅದು ಬಂದಿರಲಿಲ್ಲ, ನಿಮಗೆ ಗೊತ್ತಿರಲಿ ಅಂತ ಹೇಳ್ತಿದ್ದೀನಿ. ಮುಂದಿನ ಹಂತ ನಾನೇ ನೋಡಿಕೊಳ್ಳಬಹುದಾ?" ಕೊನೆಯ ಪ್ರಶ್ನೆ ಇದ್ದರೆ ಮಾತು ದೂರಿನಿಂದ ಕೆಲಸದ ಕಡೆಗೆ ತಿರುಗುತ್ತದೆ. ಮುಂದಿನ ಹಂತ ನಿಮ್ಮ ಕೈಗೆ ಬಂದರೆ ಹಿಂದಿನದು ಯಾರದು ಅನ್ನುವುದೂ ತಾನಾಗಿ ಸ್ಪಷ್ಟವಾಗುತ್ತದೆ.

ಪದೇ ಪದೇ ಆಗುತ್ತಿದ್ದರೆ ಮಾತಿನ ರೂಪ ಬೇರೆ. ಆಗ ನಿಮ್ಮ ಬಳಿ ತಾರೀಖು ಬೇಕು: ಯಾವ ದಿನ, ಯಾವ ಕೆಲಸ, ಯಾವ ಮೇಲ್. ಹಂಚಿಕೊಂಡ ಫೈಲ್‌ಗಳಲ್ಲಿ ಸಾಮಾನ್ಯವಾಗಿ ಆವೃತ್ತಿಗಳ ಇತಿಹಾಸ ಇರುತ್ತದೆ, ಯಾರು ಯಾವಾಗ ಬದಲಿಸಿದರು ಅಂತ ಅದು ತೋರಿಸುತ್ತದೆ. ನೀವು ಶೀಟ್ ಕಳಿಸಿದ ಮೂಲ ಮೇಲ್ ಕೂಡ ಸಾಕ್ಷಿಯೇ. ಇವನ್ನೆಲ್ಲ ಸಿದ್ಧವಾಗಿಟ್ಟುಕೊಳ್ಳಿ, ಕೇಳುವವರೆಗೂ ತೋರಿಸಬೇಡಿ. ಮೊದಲ ಮಾತಿಗೇ ಕಡತ ತೆಗೆದು ಇಟ್ಟರೆ, ತಿಂಗಳುಗಟ್ಟಲೆ ಲೆಕ್ಕ ಇಟ್ಟುಕೊಂಡು ಕೂತವರು ಅನ್ನುವ ಭಾವನೆ ಬರುತ್ತದೆ.

ಕ್ರೆಡಿಟ್ ತೆಗೆದುಕೊಂಡವರು ಮ್ಯಾನೇಜರೇ ಆಗಿದ್ದರೆ? ತಂಡದ ಕೆಲಸವನ್ನು ಮೇಲಿನವರ ಮುಂದೆ ಇಡುವುದು ಅವರ ಕೆಲಸದ ಭಾಗ, ಪ್ರತಿ ಸಲ ಹೆಸರು ಹೇಳದಿರುವುದು ಕಳ್ಳತನ ಅಲ್ಲ. ಅಲ್ಲಿ ಹಿಂದಿನದನ್ನು ಕೆದಕದೆ, ಮುಂದಿನ ಸಲಕ್ಕೆ ಕೇಳಿ: "ಮುಂದಿನ ಸಭೆಯಲ್ಲಿ ಈ ಭಾಗ ನಾನೇ ಹೇಳಲಾ?"

ಬಿಟ್ಟುಬಿಡುವುದು

ನಿಮ್ಮ ಪಾಲು ಒಂದು ಪ್ಯಾರಾ ತಿದ್ದಿದ್ದು, ಒಂದು ಐಡಿಯಾ ಮಾತಲ್ಲಿ ಕೊಟ್ಟಿದ್ದು ಅಷ್ಟೇ ಆಗಿದ್ದರೆ ಬಿಡಿ. ಯಾರ ಪಾಲೆಷ್ಟು ಅಂತ ನಿಮಗೇ ಖಚಿತವಿಲ್ಲದಿದ್ದರೂ ಬಿಡಿ. ಆದರೆ ಸುಮ್ನೆ ಬಿಟ್ಟು ಒಳಗೊಳಗೇ ಕುದಿಯುತ್ತಿದ್ದರೆ ಅದು ಬಿಟ್ಟ ಹಾಗಾಗಲಿಲ್ಲ. ಎರಡು ವಾರದ ಮೇಲೆ ಬೇರೆ ಯಾವುದೋ ಸಭೆಯಲ್ಲಿ ಒಂದು ಕೊಂಕು ಮಾತಾಗಿ ಹೊರಗೆ ಬರುತ್ತದೆ. ಆಗ ಯಾರಿಗೂ ಹಿನ್ನೆಲೆ ಗೊತ್ತಿರುವುದಿಲ್ಲ, ಸಣ್ಣವರಾಗಿ ಕಾಣುವುದು ನೀವೇ. ಹಾಗೆ ಆಗಬಹುದು ಅನಿಸಿದರೆ ಇವತ್ತೇ ನೇರ ಮಾತಾಡಿ.

ಬಿಡುವವರು ಒಂದು ಕೆಲಸ ಮಾಡಬಹುದು. ಮುಂದಿನ ಸಲ ಶೀಟನ್ನು ಒಬ್ಬರಿಗೇ ಕೊಡುವ ಮುಂಚೆ, ಗುಂಪಿಗೆ ಎರಡು ಸಾಲಿನ ಸುದ್ದಿ ಕಳಿಸಿ: "ರಿಫಂಡ್ ದೂರುಗಳ ವಿಂಗಡಣೆ ಮುಗಿಸಿದ್ದೇನೆ, ಶೇ. 41ರಷ್ಟು ದೂರು ಒಂದೇ ಹಂತದ್ದು, ವಿವರ ನಾಳೆ." ಆಮೇಲೆ ಸ್ಲೈಡ್ ಯಾರೇ ಮಾಡಲಿ, ವಿಷಯ ನಿಮ್ಮ ಹೆಸರಲ್ಲಿ ಮೊದಲೇ ಹೋಗಿರುತ್ತದೆ.

ನಮ್ಮ ಉದಾಹರಣೆಗೆ ಯಾವುದು?

ಮೇಲ್‌ನಲ್ಲಿ "ನಾನು ಮಾಡಿದ" ಅಂತ ಸ್ಪಷ್ಟವಾಗಿದೆ. ನಿಮ್ಮ ಪಾಲು ದೊಡ್ಡದು. ಖಾತೆ ಪರಿಶೀಲನೆಯ ನಿರ್ಧಾರ ಇನ್ನೂ ಆಗಿಲ್ಲ. ಹಾಗಾಗಿ ಬಿಡುವ ಪ್ರಶ್ನೆ ಇಲ್ಲ. ಮೊದಲ ಸಲ, ಸಮಾನ ಹುದ್ದೆ, ಆದ್ದರಿಂದ ಅವತ್ತೇ ನೇರ ಮಾತು. ಮಾರನೇ ದಿನ ಮಧ್ಯಾಹ್ನದವರೆಗೆ ಸಾಲು ಬರದಿದ್ದರೆ 640, 512ರ ವಿವರ ಇರುವ ಆ ಉತ್ತರ ಎಲ್ಲರಿಗೂ. ಅದೇ ದಿನ ಮ್ಯಾನೇಜರ್ ಹತ್ತಿರವೂ ಹೋಗಬೇಡಿ. ಎರಡೂ ಒಟ್ಟಿಗೆ ಆದರೆ ದಾಳಿ ಮಾಡಿದ ಹಾಗೆ ಕಾಣುತ್ತದೆ. ಅವರ ಹತ್ತಿರ ಹೇಳುವುದಿದ್ದರೆ ಮುಂದಿನ ಮಾಮೂಲಿ ಮಾತುಕತೆಯವರೆಗೆ ಇರಲಿ.

ಇನ್ನೊಂದು ಸಾಧ್ಯತೆಗೆ ಸಿದ್ಧರಾಗಿರಿ. ಸಾಲು ಬರುತ್ತದೆ, ಆದರೆ ಹೀಗೆ: "ಈ ವಿಶ್ಲೇಷಣೆಯಲ್ಲಿ ಸಹಾಯ ಮಾಡಿದ ಇವರಿಗೆ ಧನ್ಯವಾದ." ಇಡೀ ವಿಶ್ಲೇಷಣೆ ನಿಮ್ಮದು, ಬಂದಿದ್ದು "ಸಹಾಯ". ಹೊಟ್ಟೆ ಉರಿಯುತ್ತದೆ, ಸಹಜ. ಆದರೆ ತಿದ್ದುಪಡಿಗೆ ಮತ್ತೆ ತಿದ್ದುಪಡಿ ಕೇಳಬೇಡಿ, ಶಬ್ದಕ್ಕೆ ಜಗಳ ಆಡಿದ ಹಾಗಾಗುತ್ತದೆ. ನಿಮ್ಮ ಹೆಸರು ಆ ಮೇಲ್‌ಗೆ ಬಂತು, ಈಗ ನೀವು ಅಲ್ಲಿ ಮಾತಾಡಿದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಆ ಧನ್ಯವಾದಕ್ಕೇ ಉತ್ತರವಾಗಿ ಶೀಟ್ ಲಗತ್ತಿಸಿ, 512ರ ಲೆಕ್ಕ ಬರೆದು, ಖಾತೆ ಪರಿಶೀಲನೆ ಬದಲಿಸಿದರೆ ಮೊದಲ ತಿಂಗಳು ಏನನ್ನು ಅಳೆಯಬೇಕು ಅಂತ ಎರಡು ಸಾಲು ಸೇರಿಸಿ ಕಳಿಸಿ.